ಇಪ್ಪತ್ತು ಚೀಲಕ್ಕೆ ಒಟ್ಟು ಎಷ್ಟಾಗುತ್ತದೆ?

‘ತೊಗರಿಬೇಳೆ ಇವತ್ತು ಏನು ರೇಟು?’ ಎಂದು ಚಿಲ್ಲರೆ ಅಂಗಡಿಯವರು ಹೋಲ್‌ಸೇಲ್ ಮಂಡಿಗೆ ಫೋನ್ ಮಾಡಿದರೆ ಕೆ.ಜಿ.ಗೆ ಇಷ್ಟು ಎಂಬ ಉತ್ತರ ಬರುತ್ತದೆ. ‘ಜಾಸ್ತಿ ತಗೊಂಡರೆ?’ ಎಂದು ಕೇಳಿದರೆ, ‘ಬನ್ನಿ ಅಣ್ಣ, ನೀವು ಹಳೇ ಗಿರಾಕಿ, ನೋಡಿ ಮಾಡಿಕೊಡೋಣ’ ಎನ್ನುತ್ತಾರೆ. ಈ ಮಾತಿನಲ್ಲಿ ಮೋಸವೇನೂ ಇಲ್ಲ. ಆದರೆ ಇದನ್ನು ನಂಬಿ ಅಂಗಡಿಯ ಲೆಕ್ಕ ಹಾಕಲು ಬರುವುದಿಲ್ಲ. ಎಷ್ಟು ಚೀಲಕ್ಕೆ ಎಷ್ಟು ಬಿಟ್ಟುಕೊಡುತ್ತಾರೆ, ದುಡ್ಡು ಯಾವಾಗ ಕೊಡಬೇಕು, ಲಾರಿ ಬಾಡಿಗೆ ಯಾರದು ಎಂಬುದು ಗೊತ್ತಾಗುವ ತನಕ ಕೆ.ಜಿ. ದರ ಅರ್ಧ ಸುದ್ದಿ ಮಾತ್ರ. ಉಳಿದರ್ಧವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳುವುದಕ್ಕೆ ಕೊಟೇಶನ್ ಪತ್ರ ಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕುಣಿಗಲ್ಲಿನಲ್ಲಿ ಒಂದು ಕಿರಾಣಿ ಅಂಗಡಿ ಇದೆ. ಅಲ್ಲಿ ತಿಂಗಳಿಗೆ ಸುಮಾರು 8 ಚೀಲ ತೊಗರಿಬೇಳೆ ಖರ್ಚಾಗುತ್ತದೆ. ಒಂದೊಂದು ಚೀಲ 30 ಕೆ.ಜಿ. ಸರಕು ಬರುವುದು ಬೆಂಗಳೂರಿನ ಯಶವಂತಪುರದ ಮಂಡಿಗಳಿಂದ. ಅಂಗಡಿಯವರು ಮೂರು ಮಂಡಿಗಳಿಗೆ ಒಂದೇ ಪತ್ರವನ್ನು, ಒಂದಕ್ಷರವೂ ಬದಲಿಸದೆ ಕಳಿಸುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ಅದು ಪತ್ರವೇ.

‘ಮಾನ್ಯರೇ,

ನಮ್ಮದು ಕುಣಿಗಲ್ಲಿನ ಕಿರಾಣಿ ಅಂಗಡಿ. ತಿಂಗಳಿಗೆ ಸುಮಾರು 8 ಚೀಲ ತೊಗರಿಬೇಳೆ ಮಾರಾಟವಾಗುತ್ತದೆ. ಪಾಲಿಶ್ ಮಾಡದ, ಒಂದನೇ ದರ್ಜೆಯ, ಈ ವರ್ಷದ ಬೇಳೆ, 30 ಕೆ.ಜಿ. ಚೀಲದಲ್ಲಿ ಬೇಕಾಗಿದೆ. ದಯವಿಟ್ಟು ಈ ವಿವರಗಳನ್ನು ಬರೆದು ತಿಳಿಸಿ.

5, 10, 20 ಮತ್ತು 40 ಚೀಲ ಒಟ್ಟಿಗೆ ತೆಗೆದುಕೊಂಡರೆ ರಿಯಾಯಿತಿ ಕಳೆದು ಬಿಲ್ಲಿನ ಒಟ್ಟು ಮೊತ್ತ ಎಷ್ಟಾಗುತ್ತದೆ? ಹೆಚ್ಚಿನ ರಿಯಾಯಿತಿ ಪೂರ್ತಿ ಚೀಲಗಳಿಗೋ ಅಥವಾ ಮಿತಿ ದಾಟಿದ ಚೀಲಗಳಿಗೆ ಮಾತ್ರವೋ? ರಿಯಾಯಿತಿಯನ್ನು ಅದೇ ಬಿಲ್ಲಿನಲ್ಲಿ ಕಳೆದು ತೋರಿಸುತ್ತೀರಾ?

ಹಣ ಕೊಡಲು ಎಷ್ಟು ದಿನ ಕಾಲಾವಕಾಶ? ದಿನ ಎಣಿಸುವುದು ಬಿಲ್ ತಾರೀಖಿನಿಂದಲೋ, ಸರಕು ನಮಗೆ ಮುಟ್ಟಿದ ದಿನದಿಂದಲೋ? ಬೇಗ ಕೊಟ್ಟರೆ ಬೇರೆ ರಿಯಾಯಿತಿ ಇದೆಯೇ? ತಡವಾದರೆ ಬಡ್ಡಿ ಎಷ್ಟು?

ಹಮಾಲಿ, ಲಾರಿ ಬಾಡಿಗೆ ದರದಲ್ಲಿ ಸೇರಿದೆಯೇ? ಸೇರಿರದಿದ್ದರೆ ಚೀಲಕ್ಕೆ ಎಷ್ಟು? ತೂಕ ಕಡಿಮೆ ಬಂದರೆ ಅಥವಾ ಹುಳ ಕಂಡರೆ ಎಷ್ಟು ದಿನದೊಳಗೆ ವಾಪಸ್ ಮಾಡಬಹುದು? ಈ ದರ ಯಾವ ತಾರೀಖಿನವರೆಗೆ ಊರ್ಜಿತ?

ಇಂತಿ ನಿಮ್ಮ ವಿಶ್ವಾಸಿ’

ಕೆಳಗೆ ಅಂಗಡಿಯ ಹೆಸರು, ವಿಳಾಸ, ಫೋನ್, ನೋಂದಣಿ ಇದ್ದರೆ ಜಿಎಸ್‌ಟಿ ಸಂಖ್ಯೆ. ಇಷ್ಟೇ ಪತ್ರ. ಇದರಲ್ಲಿ ಬಹಳ ಮಂದಿ ಬಿಟ್ಟುಬಿಡುವ ಪ್ರಶ್ನೆ, ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ದುಡ್ಡು ಉಳಿಸುವ ಪ್ರಶ್ನೆ, ‘ಒಟ್ಟು ಮೊತ್ತ ಎಷ್ಟು’ ಎಂಬುದು.

ಮಂಡಿಯಿಂದ ಹೀಗೊಂದು ಉತ್ತರ ಬಂತು ಎಂದುಕೊಳ್ಳಿ: ಕೆ.ಜಿ.ಗೆ 120 ರೂಪಾಯಿ, 9 ಚೀಲದವರೆಗೆ ರಿಯಾಯಿತಿ ಇಲ್ಲ, 10ರಿಂದ 19ಕ್ಕೆ ಶೇಕಡಾ 2, 20 ಮತ್ತು ಮೇಲಕ್ಕೆ ಶೇಕಡಾ 4. ಓದಿದರೆ ಎಲ್ಲ ಸ್ಪಷ್ಟವಾಗಿಯೇ ಇದೆ ಅನಿಸುತ್ತದೆ. ಆದರೆ ಈ ಒಂದೇ ಸಾಲಿಗೆ ಎರಡು ಲೆಕ್ಕಗಳಿವೆ. ಚೀಲಕ್ಕೆ 3,600 ರೂಪಾಯಿಯಂತೆ 20 ಚೀಲಕ್ಕೆ 72,000. ಪೂರ್ತಿ 20 ಚೀಲಕ್ಕೂ ಶೇಕಡಾ 4 ಎಂದಾದರೆ 2,880 ರೂಪಾಯಿ ಕಳೆಯುತ್ತದೆ. ಹಾಗಲ್ಲ, ಹಂತಹಂತವಾಗಿ ಎಂದಾದರೆ ಮೊದಲ 9 ಚೀಲಕ್ಕೆ ಏನೂ ಇಲ್ಲ, ನಂತರದ 10 ಚೀಲಕ್ಕೆ 720 ರೂಪಾಯಿ, ಇಪ್ಪತ್ತನೆಯ ಒಂದು ಚೀಲಕ್ಕೆ 144 ರೂಪಾಯಿ. ಎಲ್ಲ ಸೇರಿ ಬರೀ 864. ಕೊಳ್ಳುವವರು ಮೊದಲನೆಯ ಲೆಕ್ಕ ಹಿಡಿದು ಆರ್ಡರ್ ಕೊಟ್ಟು, ಮಾರುವವರು ಎರಡನೆಯದನ್ನು ಹಿಡಿದು ಬಿಲ್ ಬರೆದರೆ ಒಂದೇ ಲೋಡಿನಲ್ಲಿ 2,016 ರೂಪಾಯಿಯ ತಕರಾರು ಹುಟ್ಟುತ್ತದೆ. ಇಬ್ಬರದೂ ತಪ್ಪಲ್ಲ. ‘20 ಚೀಲಕ್ಕೆ ಒಟ್ಟು 69,120’ ಎಂಬ ಒಂದು ಸಂಖ್ಯೆ ಕಾಗದದಲ್ಲಿ ಇದ್ದಿದ್ದರೆ ಎರಡನೆಯ ಅರ್ಥಕ್ಕೆ ಜಾಗವೇ ಇರುತ್ತಿರಲಿಲ್ಲ.

ಒಟ್ಟು ಮೊತ್ತ ಕೈಯಲ್ಲಿದ್ದರೆ ಇನ್ನೊಂದು ವಿಷಯವೂ ಕಾಣುತ್ತದೆ. ಪೂರ್ತಿ ಚೀಲಗಳಿಗೆ ರಿಯಾಯಿತಿ ಕೊಡುವ ಮಂಡಿಯಲ್ಲಿ 19 ಚೀಲಕ್ಕೆ 67,032 ರೂಪಾಯಿ, 20 ಚೀಲಕ್ಕೆ 69,120. ಅಂದರೆ 3,600 ರೂಪಾಯಿಯ ಇಪ್ಪತ್ತನೆಯ ಚೀಲ 2,088 ರೂಪಾಯಿಗೆ ಸಿಕ್ಕಿತು. ಮಿತಿಯ ಹತ್ತಿರ ಬಂದು ಒಂದೆರಡು ಚೀಲ ಕಡಿಮೆ ಆರ್ಡರ್ ಕೊಡುವುದು ಇಂಥ ಕಡೆ ಶುದ್ಧ ನಷ್ಟ.

ಹಾಗಾದರೆ 20 ಚೀಲವನ್ನೇ ತರಿಸಿಬಿಡಬೇಕೇ? ರಿಯಾಯಿತಿಯ ಆಸೆಗೆ ಗೋದಾಮು ತುಂಬಿಸಿಕೊಂಡ ಅಂಗಡಿಗಳು ಎಡವುವುದು ಇಲ್ಲೇ. ನಮ್ಮ ಅಂಗಡಿಯಲ್ಲಿ 10 ಚೀಲ ಖಾಲಿಯಾಗಲು ಸುಮಾರು 37 ದಿನ ಬೇಕು. ಹತ್ತತ್ತರಂತೆ ಎರಡು ಸಲ ತರಿಸಿದರೆ ಶೇಕಡಾ 2ರಂತೆ ಒಟ್ಟು 1,440 ರೂಪಾಯಿ ಉಳಿಯುತ್ತದೆ. ಒಂದೇ ಸಲ 20 ತರಿಸಿದರೆ 2,880. ಮೇಲ್ನೋಟಕ್ಕೆ 1,440 ಹೆಚ್ಚು ಲಾಭ. ಆದರೆ ಎರಡನೆಯ ಹತ್ತು ಚೀಲದ 34,560 ರೂಪಾಯಿ 37 ದಿನ ಸುಮ್ಮನೆ ಗೋಡೆಗೆ ಒರಗಿ ನಿಂತಿರುತ್ತದೆ. ಆ ದುಡ್ಡನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಲ್ಲಿ ತಂದಿದ್ದರೆ ಬಡ್ಡಿಯೇ ಸುಮಾರು 860 ರೂಪಾಯಿ. ಕೊನೆಗೆ ಉಳಿಯುವುದು 580ರ ಆಸುಪಾಸು. ಅಷ್ಟರಲ್ಲಿ ಬೇಳೆಯ ದರ ಕೆ.ಜಿ.ಗೆ ಎರಡು ರೂಪಾಯಿ ಇಳಿದರೆ, ಮಿಕ್ಕ 300 ಕೆ.ಜಿ. ಮೇಲೆ 600 ರೂಪಾಯಿ ಹೋಗಿ ಲಾಭವೆಲ್ಲ ಅಳಿಸಿಹೋಗುತ್ತದೆ. ದರ ಏರಿದರೆ ಅದೇ ಗೋದಾಮು ಲಾಭ ತರುತ್ತದೆ ಎಂಬುದೂ ನಿಜ. ಆದರೆ ಅದು ಬೇಳೆಯ ದರದ ಮೇಲೆ ಕಟ್ಟಿದ ಪಂದ್ಯ, ಮಂಡಿ ಕೊಟ್ಟ ರಿಯಾಯಿತಿಯಲ್ಲ. ಎರಡನ್ನೂ ಬೆರೆಸಬಾರದು. ಮಳೆಗಾಲದಲ್ಲಿ ಹುಳದ ಭಯ ಬೇರೆ. ಹಬ್ಬದ ಮುಂದಿನ ತಿಂಗಳು, ಬೇಳೆ ಬೇಗ ಖರ್ಚಾಗುವ ಹೊತ್ತಿನಲ್ಲಿ, ಇದೇ 20 ಚೀಲ ಸರಿಯಾದ ಆರ್ಡರ್ ಆಗಬಹುದು. ಅದಕ್ಕೇ ಪತ್ರದಲ್ಲಿ ನಾಲ್ಕೂ ಪ್ರಮಾಣದ ಮೊತ್ತ ಕೇಳಿರುವುದು.

ಇನ್ನು ದುಡ್ಡು ಕೊಡುವ ಗಡುವು. ಮಂಡಿಯವರು ‘30 ದಿನ ಉದ್ರಿ, 7 ದಿನದಲ್ಲಿ ಕೊಟ್ಟರೆ ಶೇಕಡಾ 2 ಬೇರೆ ಬಿಡುತ್ತೇವೆ’ ಎಂದರು ಎನ್ನೋಣ. ಎರಡು ಪರ್ಸೆಂಟು ಏನು ಮಹಾ ಎನಿಸಬಹುದು. ಆದರೆ ಅದು 23 ದಿನ ಮೊದಲು ಕೊಟ್ಟದ್ದಕ್ಕೆ ಸಿಗುವ ಎರಡು ಪರ್ಸೆಂಟು. ವರ್ಷದ ಬಡ್ಡಿಗೆ ತಿರುಗಿಸಿದರೆ ಶೇಕಡಾ 32ರ ಹತ್ತಿರ ಬರುತ್ತದೆ. 10 ಚೀಲದ ಬಿಲ್ 35,280 ರೂಪಾಯಿ. ಏಳು ದಿನದಲ್ಲಿ ಕೊಟ್ಟರೆ ಅದರಲ್ಲಿ ಸುಮಾರು 705 ರೂಪಾಯಿ ಕಡಿಮೆ. ಬ್ಯಾಂಕಿನ ಓವರ್‌ಡ್ರಾಫ್ಟ್‌ನಲ್ಲಿ ತಿಂಗಳಿಗೆ ಶೇಕಡಾ 1ರಂತೆ ತೆಗೆದು ಕೊಟ್ಟರೆ ಆ 23 ದಿನದ ಬಡ್ಡಿ ಸುಮಾರು 265 ರೂಪಾಯಿ. ಕಣ್ಣುಮುಚ್ಚಿ ಕೊಟ್ಟುಬಿಡಬಹುದು. ನೂರಕ್ಕೆ ಎರಡರ ಕೈಸಾಲವಾದರೆ ಬಡ್ಡಿ 530ರ ಸುಮಾರು, ಲಾಭ ಕಿರಿದಾಗುತ್ತದೆ. ನೂರಕ್ಕೆ ಮೂರರ ಸಾಲ ತಂದರೆ ಬಡ್ಡಿಯೇ 795, ಆಗ ಉದ್ರಿಯಲ್ಲೇ ಇರುವುದು ಮೇಲು. ಹೀಗೆ ಒಂದೇ ಕೊಟೇಶನ್ನಿಗೆ ಮೂರು ಅಂಗಡಿಯವರು ಮೂರು ಉತ್ತರ ಕೊಟ್ಟರೂ ಮೂವರೂ ಸರಿಯಿರಬಹುದು.

ಇಲ್ಲಿ ದಿನದ ಎಣಿಕೆಯ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಸೋಮವಾರ ಬಿಲ್ ಆಗಿ, ಲಾರಿ ತುಂಬಲು ಕಾದು, ಸರಕು ಗುರುವಾರ ಮುಟ್ಟಿದರೆ ಏಳು ದಿನದಲ್ಲಿ ಮೂರು ದಿನ ಹೋಯಿತು. ಚೀಲ ಬಿಚ್ಚಿ ತೂಕ ನೋಡುವ ಮೊದಲೇ ದುಡ್ಡು ಕಳಿಸುವ ಅವಸರ. ಸರಕು ಮುಟ್ಟಿದ ದಿನದಿಂದ ಎಣಿಸಿ ಎಂದು ಕೇಳುವುದು ನ್ಯಾಯವೇ, ಅನೇಕರು ಒಪ್ಪುತ್ತಾರೆ ಕೂಡ.

ರಿಯಾಯಿತಿಯನ್ನು ಅದೇ ಬಿಲ್ಲಿನಲ್ಲಿ ತೋರಿಸಿ ಎಂದು ಕೇಳುವುದಕ್ಕೂ ಕಾರಣವಿದೆ. ‘ವರ್ಷದ ಕೊನೆಗೆ ಒಟ್ಟಿಗೆ ಕೊಡೋಣ’ ಎಂಬ ಮಾತು ಮರೆತುಹೋಗಬಹುದು. ತೆರಿಗೆ ಇರುವ ಸರಕಿನಲ್ಲಿ ಇನ್ನೊಂದು ತೊಡಕೂ ಸೇರುತ್ತದೆ: ಬಿಲ್ಲಿನಲ್ಲೇ ಕಳೆದ ರಿಯಾಯಿತಿಯ ಮೇಲೆ ಜಿಎಸ್‌ಟಿ ಬೀಳುವುದಿಲ್ಲ, ಆಮೇಲೆ ಕೊಟ್ಟದ್ದನ್ನು ತೆರಿಗೆ ಲೆಕ್ಕದಿಂದ ಕಳೆಯಲು ಷರತ್ತುಗಳಿವೆ. ನಮ್ಮ ಉದಾಹರಣೆಯ ಬೇಳೆಗೆ ಈ ಚಿಂತೆಯಿಲ್ಲ. 2022ರ ಜುಲೈ 18ರಿಂದ ಬೇಳೆ, ಅಕ್ಕಿ, ಹಿಟ್ಟುಗಳಲ್ಲಿ 25 ಕೆ.ಜಿ.ವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಚೀಲಕ್ಕೆ ಶೇಕಡಾ 5 ತೆರಿಗೆ ಇದೆ. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಅಕ್ಕಿ 26 ಕೆ.ಜಿ. ಚೀಲದಲ್ಲಿ ಬರತೊಡಗಿದ್ದು ಆ ಮೇಲೆಯೇ. ಪತ್ರದಲ್ಲಿ ಚೀಲದ ತೂಕ ಬರೆಯದಿದ್ದರೆ ಒಂದು ಮಂಡಿ 25ರ ಚೀಲಕ್ಕೂ ಇನ್ನೊಂದು 30ರ ಚೀಲಕ್ಕೂ ದರ ಕಳಿಸುತ್ತದೆ, ಹೋಲಿಸಲು ಬರುವುದಿಲ್ಲ. ಹಮಾಲಿ, ಬಾಡಿಗೆಯದೂ ಅದೇ ಕಥೆ. ಕೆ.ಜಿ.ಗೆ ಒಂದು ರೂಪಾಯಿ ಕಡಿಮೆ ಹೇಳಿದ ಮಂಡಿ ಚೀಲಕ್ಕೆ 40 ರೂಪಾಯಿ ಬಾಡಿಗೆ ಬೇರೆ ಹಾಕಿದರೆ, 30 ಉಳಿದು 40 ಹೋಯಿತು. ಹೋಲಿಸಬೇಕಾದ್ದು ಬೇಳೆ ಕುಣಿಗಲ್ಲಿನ ಅಂಗಡಿಯ ಬಾಗಿಲು ಮುಟ್ಟುವಾಗಿನ ದರವನ್ನು.

ಉತ್ತರ ಬಂದ ಮೇಲೆ ಇನ್ನೊಂದು ಹೆಜ್ಜೆ ಇದೆ. ಕೊಟೇಶನ್ ಬಂತು ಎಂದ ಮಾತ್ರಕ್ಕೆ ಒಪ್ಪಂದ ಆಗುವುದಿಲ್ಲ. ಇದನ್ನು ತೋರಿಸುವ ಒಂದು ಮೊಕದ್ದಮೆ ನಮ್ಮ ಮಡಿಕೇರಿಯದೇ. ಅಲ್ಲಿನ ಒಂದು ಬಂಗಲೆಯನ್ನು ಕೊಳ್ಳಲು ಒಬ್ಬರು ದರ ಕೇಳಿದ್ದರು. ಮಾಲೀಕರು ‘ಹತ್ತು ಸಾವಿರಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ’ ಎಂದು ತಂತಿ ಕಳಿಸಿದರು. ಕೊಳ್ಳುವವರು ಹತ್ತು ಸಾವಿರಕ್ಕೆ ಒಪ್ಪಿದರು. ಆದರೂ ಕ್ರಯದ ಒಪ್ಪಂದ ಆಗಿಲ್ಲ ಎಂದು 1951ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇಷ್ಟಕ್ಕಿಂತ ಕಡಿಮೆಗೆ ಕೊಡಲಾರೆ ಎಂದು ಹೇಳುವುದೇ ಬೇರೆ, ಆ ದರಕ್ಕೆ ಮಾರುತ್ತೇನೆ ಎಂದು ಮಾತು ಕೊಡುವುದೇ ಬೇರೆ. ಬೇಳೆಯ ದರಪಟ್ಟಿಗೂ ಇದೇ ನ್ಯಾಯ. ದರ ಎಲ್ಲಿಯವರೆಗೆ ಊರ್ಜಿತ ಎಂದು ಮಂಡಿಯವರು ಬರೆದಿದ್ದರೆ ಅವರ ಮಾತಿಗೆ ತೂಕ ಹೆಚ್ಚುತ್ತದೆ. ಆದರೆ ಆ ತಾರೀಖಿನೊಳಗೆ ‘ನಿಮ್ಮ ಇಂಥ ತಾರೀಖಿನ ಕೊಟೇಶನ್ ಪ್ರಕಾರ 10 ಚೀಲ, ಒಟ್ಟು 35,280 ರೂಪಾಯಿ, ಸರಕು ಮುಟ್ಟಿದ 7 ದಿನದಲ್ಲಿ ಪಾವತಿ, ಶೇಕಡಾ 2 ಕಡಿತ’ ಎಂದು ಆರ್ಡರ್ ಬರೆದು ಕಳಿಸಬೇಕು, ಅದಕ್ಕೆ ಮಂಡಿಯವರಿಂದ ‘ಒಪ್ಪಿದೆ’ ಎಂಬ ಒಂದು ಸಾಲು ತರಿಸಿಕೊಳ್ಳಬೇಕು. ಲಾರಿಗೆ ಸರಕು ಏರಬೇಕಾದ್ದು ಆ ಸಾಲು ಕೈಗೆ ಬಂದ ಮೇಲೆ.