ಹಲಗೆಯ ಲೆಕ್ಕದಲ್ಲಿ ಕಾಲು ಇಂಚಿನ ಬೆಲೆ

ಬಾಗಿಲು, ಕಿಟಕಿ ಮಾಡಿಸಲು ಮರ ಕೊಳ್ಳಲು ಹೋದರೆ ‘ಸಿಎಫ್‌ಟಿಗೆ ಇಷ್ಟು’ ಎಂದು ದರ ಹೇಳುತ್ತಾರೆ. ಸಿಎಫ್‌ಟಿ ಎಂದರೆ ಘನ ಅಡಿ: ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ದಪ್ಪದಷ್ಟು ಮರ. ಕೊಯ್ದ ಹಲಗೆಯ ದಪ್ಪ, ಅಗಲಗಳನ್ನು ಇಂಚಿನಲ್ಲೂ ಉದ್ದವನ್ನು ಅಡಿಯಲ್ಲೂ ಅಳೆಯುವುದು ರೂಢಿ. ಈ ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಇಂಚಿನ ಎರಡು ಅಳತೆಗಳನ್ನು ಅಡಿಗೆ ತರಲು 12ರಿಂದ ಎರಡು ಸಲ ಭಾಗಿಸಬೇಕು. 144 ಬಂದದ್ದು ಅಲ್ಲಿಂದ.

ಒಂದೂವರೆ ಇಂಚು ದಪ್ಪ, 8 ಇಂಚು ಅಗಲ, 7 ಅಡಿ ಉದ್ದದ 24 ಹಲಗೆಗಳಿವೆ ಎನ್ನಿ. 1.5 × 8 × 7 ಎಂದರೆ 84. ಅದನ್ನು 24ರಿಂದ ಗುಣಿಸಿ 144ರಿಂದ ಭಾಗಿಸಿದರೆ ಸರಿಯಾಗಿ 14 ಘನ ಅಡಿ. ಲೆಕ್ಕಕ್ಕೆಂದು ದರ 3,000 ರೂಪಾಯಿ ಇಟ್ಟುಕೊಂಡರೆ ರಾಶಿಯ ಬೆಲೆ 42,000. ಭಾಗಾಕಾರವನ್ನು ಕೊನೆಗೆ ಒಂದೇ ಸಲ ಮಾಡುವುದು ಒಳ್ಳೆಯದು. ಒಂದೊಂದು ಹಲಗೆಯ 0.583 ಅನ್ನು 0.6 ಎಂದು ಬರೆದುಕೊಂಡರೆ ರಾಶಿ 14.4 ಆಗಿ, 1,200 ರೂಪಾಯಿ ಸುಮ್ಮನೆ ಏರುತ್ತದೆ.

ದಪ್ಪ, ಅಗಲ ಒಂದೇ ಆಗಿದ್ದು ಉದ್ದ ಮಾತ್ರ ಬೇರೆಬೇರೆಯಿದ್ದರೆ ಎಲ್ಲ ಉದ್ದಗಳನ್ನೂ ಮೊದಲು ಕೂಡಿಕೊಳ್ಳಿ. 7 ಅಡಿಯ ಹತ್ತು, 6 ಅಡಿಯ ಎಂಟು, 9 ಅಡಿಯ ಆರು ಹಲಗೆ ಸೇರಿದರೆ 172 ಅಡಿ. 1.5 × 8 × 172 ÷ 144 ಮಾಡಿದರೆ 14.33 ಘನ ಅಡಿ. ಆರಡಿ ಆರಿಂಚನ್ನು 6.6 ಎಂದು ಬರೆಯಬೇಡಿ. ಆರಿಂಚು ಅರ್ಧ ಅಡಿ, ಹಾಗಾಗಿ ಅದು 6.5.

ಹಣ ಹೆಚ್ಚು ಸೋರುವುದು ದಪ್ಪದಲ್ಲಿ. ನಮ್ಮ 24 ಹಲಗೆಗಳ ಅಗಲ ಕಾಲು ಇಂಚು ಕಡಿಮೆಯಿದ್ದರೆ ನಷ್ಟ ಸುಮಾರು 1,300 ರೂಪಾಯಿ. ಅದೇ ಕಾಲು ಇಂಚು ದಪ್ಪದಲ್ಲಿ ಕಡಿಮೆಯಾದರೆ ಮರ 11.67 ಘನ ಅಡಿಗೆ ಇಳಿದು, 7,000 ರೂಪಾಯಿ ಹೋಗುತ್ತದೆ. ಎಂಟಿಂಚಿನಲ್ಲಿ ಕಾಲು ಇಂಚು ಮೂವತ್ತೆರಡನೇ ಒಂದು ಪಾಲು. ಒಂದೂವರೆ ಇಂಚಿನಲ್ಲಿ ಅದು ಆರನೇ ಒಂದು ಪಾಲು.

ಇದನ್ನು ಪತ್ತೆ ಮಾಡುವುದು ಸುಲಭ. ಹತ್ತು ಹಲಗೆಗಳನ್ನು ಒಂದರ ಮೇಲೊಂದು ಒತ್ತಾಗಿ ಪೇರಿಸಿ, ಎತ್ತರಕ್ಕೆ ಟೇಪು ಹಿಡಿಯಿರಿ. ದಪ್ಪ ಒಂದೂವರೆ ಇಂಚೇ ಆಗಿದ್ದರೆ 15 ಇಂಚಿಗೆ ಕಡಿಮೆ ಬರುವಂತಿಲ್ಲ. ಹಲಗೆ ಸೊಟ್ಟಗಿದ್ದು ನಡುವೆ ಸಂದು ಬಿದ್ದರೂ ಎತ್ತರ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗದು. ಹದಿಮೂರೋ ಹದಿನಾಲ್ಕೋ ಬಂದರೆ ಹಲಗೆ ತೆಳ್ಳಗಿದೆ ಎಂದೇ ಅರ್ಥ. ಆಮೇಲೆ ಒಂದೊಂದರ ಎರಡೂ ತುದಿ, ನಡುಭಾಗ ಅಳೆದು ನೋಡಿ.

ದಿಮ್ಮಿಯ ದರವನ್ನು ಹಲಗೆಯ ದರದೊಂದಿಗೆ ಹೋಲಿಸಬೇಡಿ. ದಿಮ್ಮಿ ಕೊಯ್ಯುವಾಗ ಸಿಪ್ಪೆ, ಪುಡಿಯಾಗಿ ಹೋಗುವ ಭಾಗ ಹಲಗೆಯ ಅಳತೆಯಲ್ಲಿ ಇರುವುದಿಲ್ಲ. ದುಡ್ಡು ಕೊಡುವ ಮೊದಲು ದಪ್ಪ, ಅಗಲ, ಉದ್ದ, ಸಂಖ್ಯೆ ನಾಲ್ಕನ್ನೂ ಬಿಡಿಬಿಡಿಯಾಗಿ ಬರೆದ ಪಟ್ಟಿ ಕೇಳಿ ಪಡೆಯಿರಿ. ಒಟ್ಟು ಸಿಎಫ್‌ಟಿಯನ್ನಷ್ಟೇ ಬರೆದ ಚೀಟಿಗೆ ಒಪ್ಪಬೇಡಿ.