ಹತ್ತು ವರ್ಷ ವಾರಂಟಿ ಅಂದ್ರೆ ಯಾವುದಕ್ಕೆ?

ಫ್ರಿಡ್ಜ್ ಬಾಗಿಲ ಮೇಲಿನ ‘10 ವರ್ಷ ವಾರಂಟಿ’ ಸ್ಟಿಕ್ಕರನ್ನ ನಾವೆಲ್ಲ ಅಂಗಡಿಯಲ್ಲೇ ಓದ್ತೀವಿ. ಒಳಗಿರೋ ಕಾರ್ಡ್ ಓದೋದು ಮಾತ್ರ ಫ್ರಿಡ್ಜ್ ಕೆಟ್ಟ ಮೇಲೆ. ಅದರಲ್ಲಿ ಸಾಮಾನ್ಯವಾಗಿ ಎರಡು ಅವಧಿ ಇರುತ್ತವೆ: ಇಡೀ ಫ್ರಿಡ್ಜ್‌ಗೆ 1 ವರ್ಷ, ಕಂಪ್ರೆಸರ್‌ಗೆ ಮಾತ್ರ 10 ವರ್ಷ.

ನಾಲ್ಕು ಜನ ದುಡ್ಡು ಹಾಕಿ ರೂಮಿಗೆ ತಂದ ಫ್ರಿಡ್ಜ್ ಮೂರನೇ ವರ್ಷ ತಣ್ಣಗೆ ಮಾಡೋದನ್ನೇ ನಿಲ್ಲಿಸಿತು ಅಂದ್ಕೊಳ್ಳೋಣ. ಕಂಪ್ರೆಸರ್ ಬಿಡದೆ ಓಡ್ತಿದೆ, ಆದರೂ ತಂಪಿಲ್ಲ ಅಂದ್ರೆ ಗ್ಯಾಸ್ ಸೋರಿರಬಹುದು. ಆಗಾಗ ‘ಟಕ್’ ಅಂತ ಸದ್ದು ಮಾಡಿ ನಿಂತುಬಿಡ್ತಿದ್ರೆ ರಿಲೇ, ಕಡಿಮೆ ವೋಲ್ಟೇಜ್ ಅಥವಾ ಕಂಪ್ರೆಸರ್ ಕಾರಣ ಇರಬಹುದು. ಗ್ಯಾಸೋ ರಿಲೇನೋ ಹೋಗಿದ್ರೆ ಮೂರನೇ ವರ್ಷದಲ್ಲಿ ಖರ್ಚು ಪೂರ್ತಿ ನಮ್ಮದೇ. ಕಂಪ್ರೆಸರ್ರೇ ಹೋಗಿದ್ರೂ ಎಷ್ಟೋ ಕಾರ್ಡ್‌ಗಳ ಪ್ರಕಾರ ಆ ಬಿಡಿಭಾಗ ಮಾತ್ರ ಉಚಿತ. ಗ್ಯಾಸ್ ತುಂಬಿಸೋದು, ಕೂಲಿ, ಸಾಗಾಟಕ್ಕೆ ನಾವೇ ಕೊಡಬೇಕು. ಹಾಗಾಗಿ ರಿಪೇರಿಗೆ ಒಪ್ಪೋ ಮುಂಚೆ ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿಕೊಳ್ಳಬೇಕು.

ಇನ್ನು ವಾರಂಟಿಯನ್ನೇ ಕಳೆಯುವ ಕೆಲಸಗಳು. ಪ್ಲಗ್, ವೋಲ್ಟೇಜ್, ಥರ್ಮೋಸ್ಟಾಟ್ ನಾಬ್ ನೋಡೋದರಲ್ಲಿ ತಪ್ಪಿಲ್ಲ. ಆದರೆ ನಮ್ಮೊಳಗಿನ ಇಂಜಿನಿಯರ್ ಎದ್ದು ಹಿಂದಿನ ಕವರ್ ಬಿಚ್ಚಿದ್ರೆ, ಅಥವಾ ಬೀದಿ ಮೆಕ್ಯಾನಿಕ್ ಹತ್ರ ಗ್ಯಾಸ್ ಹಾಕಿಸಿದ್ರೆ, ‘ಅನಧಿಕೃತ ರಿಪೇರಿ’ ಅನ್ನೋ ಸಾಲು ನಮ್ಮ ವಿರುದ್ಧ ನಿಲ್ಲುತ್ತೆ. ಸೀರಿಯಲ್ ನಂಬರ್ ಸ್ಟಿಕ್ಕರ್ ಕಿತ್ತು ಹೋಗಿದ್ರೂ ತೊಂದರೆನೇ. ‘ಗೃಹಬಳಕೆಗೆ ಮಾತ್ರ’ ಅಂತಿದ್ರೆ ಅದೇ ಫ್ರಿಡ್ಜನ್ನ ಮೆಸ್ಸಲ್ಲೋ ಪಿಜಿ ಅಡುಗೆಮನೆಯಲ್ಲೋ ಇಟ್ಟಾಗ ವಾರಂಟಿ ಕಡಿಮೆಯಾಗಬಹುದು ಅಥವಾ ಪೂರ್ತಿ ಹೋಗಬಹುದು. ಈ ಸಾಲನ್ನ ಕೊಳ್ಳೋ ದಿನವೇ ಹುಡುಕಬೇಕು.

ಕ್ಲೇಮ್ ಮಾಡುವಾಗ ಬಿಲ್‌ನಲ್ಲಿರೋ ಮಾಡೆಲ್, ಸೀರಿಯಲ್ ನಂಬರ್ ಫ್ರಿಡ್ಜ್ ಮೇಲಿನದಕ್ಕೆ ಹೊಂದಬೇಕು. ಬಿಲ್ ಅಕ್ಷರ ಮಾಸೋ ಮುಂಚೆ ಫೋಟೋ ತೆಗೆದು ನಾಲ್ಕೂ ಜನರ ಫೋನಲ್ಲಿಟ್ಟರೆ ಒಳ್ಳೇದು. ಇಂಟರ್ನೆಟ್‌ನಲ್ಲಿ ಸಿಕ್ಕ ನಂಬರ್ ಬಿಟ್ಟು ಕಾರ್ಡ್‌ನಲ್ಲಿರೋ ನಂಬರಿಗೇ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳೋಣ. ವಾರಂಟಿ ಮುಗಿಯೋಕೆ ಎರಡೇ ದಿನ ಇದ್ದಾಗ, ಅವಧಿಯೊಳಗೇ ದೂರು ಕೊಟ್ಟಿದ್ವಿ ಅನ್ನೋದಕ್ಕೆ ಅದೇ ಸಾಕ್ಷಿ. ಟೆಕ್ನಿಷಿಯನ್ ಬಂದು ಹೋದ ಮೇಲೆ ಜಾಬ್ ಶೀಟ್ ಪ್ರತಿ ಕೇಳಿ, ಅದರಲ್ಲಿ ದೋಷ ಏನಂತ ಬರೆದಿದ್ದಾರೆ ಅಂತ ಓದಿಯೇ ಸಹಿ ಹಾಕಬೇಕು. ‘ಗ್ರಾಹಕರ ತಪ್ಪು’ ಅಂತ ಬರೆದಿದ್ದಕ್ಕೆ ಸಹಿ ಬಿದ್ದರೆ ಆಮೇಲೆ ವಾದ ಮಾಡೋದು ಕಷ್ಟ.

ಆಗಲ್ಲ ಅಂದ್ರೆ, ಕಾರ್ಡ್‌ನ ಯಾವ ಷರತ್ತಿನ ಪ್ರಕಾರ ಅಂತ ಲಿಖಿತವಾಗಿ ಕೇಳೋಣ. ಉತ್ತರ ಸರಿಯಿಲ್ಲದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಬಗೆಹರಿಯದಿದ್ರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆಯಂತೆ ನಾವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ರೆ ಶುಲ್ಕವೂ ಇಲ್ಲ.