ಕಾಮಗಾರಿಯ ಸ್ಥಳ ಗಡಿಯೊಳಗಿದೆಯೇ? ಕಿರಣ ವಿಧಾನದ ಪರಿಶೀಲನೆ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳ ಗಡಿಗ್ರಾಮಗಳಲ್ಲಿ ಉದ್ಯೋಗ ಖಾತರಿ ಕಾಮಗಾರಿಯ ಜಿಯೋಟ್ಯಾಗ್ ಛಾಯಾಚಿತ್ರವು ಯಾವ ಪಂಚಾಯತಿಯ ವ್ಯಾಪ್ತಿಗೆ ಸೇರುತ್ತದೆಂಬುದನ್ನು ಕಣ್ಣಳತೆಯಿಂದ ನಿರ್ಧರಿಸುವುದು ಸಲ್ಲದು. ಆ ಬಿಂದುವಿನಿಂದ ನೇರ ಪೂರ್ವಕ್ಕೆ ಒಂದು ಕಿರಣವನ್ನೆಳೆದು, ಅದು ಗಡಿಯನ್ನು ಎಷ್ಟು ಬಾರಿ ದಾಟುತ್ತದೆಂದು ಎಣಿಸಬೇಕು. ಕಿರಣದ ದೂರದ ತುದಿ ಹೊರಗೇ ಇರುವುದರಿಂದಲೂ, ಪ್ರತಿ ದಾಟು ಒಳ-ಹೊರಗನ್ನು ಅದಲುಬದಲು ಮಾಡುವುದರಿಂದಲೂ, ಎಣಿಕೆ ಬೆಸವಾದರೆ ಬಿಂದು ಒಳಗಿದೆ. ಸಮ ಅಥವಾ ಸೊನ್ನೆಯಾದರೆ ಹೊರಗಿದೆ.

ನಡುವೆ ಒಳಬಾಗಿದ ಗಡಿಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅಕ್ಷಾಂಶ 13.02ರಲ್ಲಿ ಅದರ ಬದಿಗಳು 75.04, 75.08, 75.11 ಮತ್ತು 75.13 ರೇಖಾಂಶಗಳಲ್ಲಿ ಸಿಗುತ್ತವೆ. ಇವುಗಳಲ್ಲಿ ಮೂರನೆಯ ಬದಿ (13.01, 75.10)ರಿಂದ (13.03, 75.12)ರವರೆಗಿನದು, 13.02 ಅದರ ನಡುಮಧ್ಯವಾದ್ದರಿಂದ ದಾಟು 75.11ರಲ್ಲಿ. ಕಾಮಗಾರಿ 75.06ರಲ್ಲಿದ್ದರೆ ಪೂರ್ವಕ್ಕೆ ಮೂರು ದಾಟುಗಳು: ಒಳಗೆ. 75.09ರಲ್ಲಿದ್ದರೆ ಎರಡೇ: ಇಬ್ಬದಿಯಲ್ಲೂ ಅದೇ ಪಂಚಾಯತಿಯ ನೆಲವಿದ್ದರೂ ಸ್ಥಳ ಹೊರಗೆ. ಕಣ್ಣು ಮೋಸಹೋಗುವುದು ಇಲ್ಲಿಯೇ.

ಕಿರಣವು ಗಡಿಯ ಮೂಲೆಯೊಂದನ್ನೇ ಹಾಯ್ದರೆ ಎರಡು ಬದಿಗಳೂ ಲೆಕ್ಕಕ್ಕೆ ಬಂದು ಎಣಿಕೆ ಕೆಡಬಹುದು. ಆದ್ದರಿಂದ ಒಂದು ತುದಿ ಕಿರಣಕ್ಕಿಂತ ಉತ್ತರಕ್ಕೂ, ಇನ್ನೊಂದು ಕಿರಣದ ಮೇಲೆ ಅಥವಾ ದಕ್ಷಿಣಕ್ಕೂ ಇರುವ ಬದಿಯನ್ನಷ್ಟೇ ಎಣಿಸತಕ್ಕದ್ದು. ಕಿರಣದುದ್ದಕ್ಕೂ ಮಲಗಿದ ಬದಿ ಆಗ ತಾನಾಗಿಯೇ ಬಿಟ್ಟುಹೋಗುತ್ತದೆ.

ಎಲ್ಲ ಬಿಂದುಗಳೂ ಹೊರಗೆಂದು ಬಂದಲ್ಲಿ ಅಕ್ಷಾಂಶ, ರೇಖಾಂಶಗಳು ಅದಲುಬದಲಾಗಿವೆಯೇ ಎಂದು ಮೊದಲು ನೋಡಬೇಕು. 75 ಅಕ್ಷಾಂಶವಾದರೆ ಸ್ಥಳ ಉತ್ತರ ಧ್ರುವ ಪ್ರದೇಶಕ್ಕೆ ಹೋಗುತ್ತದೆ. ಗಡಿಯಿಂದ ಕೆಲವೇ ಮೀಟರ್ ದೂರದ ಬಿಂದುಗಳಲ್ಲಿ, ಮುಖ್ಯವಾಗಿ ದಟ್ಟ ಅಡಿಕೆ ತೋಟದೊಳಗೆ, ಮೊಬೈಲಿನ ಅಳತೆಯೇ ಅಷ್ಟು ತಪ್ಪಬಹುದಾದ್ದರಿಂದ ಸ್ಥಳತನಿಖೆ ನಡೆಸಬೇಕು.